ಆರನೆಯ ಶಿಕ್ಷಕಿ

ಮುಂಬಯಿಯ ಹೊರವಲಯದ ಡೊಂಬಿವಲಿ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು, ಹೂವಿನವರನ್ನೂ ವಡಾಪಾವಿನ ಗಾಡಿಯನ್ನೂ ದಾಟಿ ಎಡಕ್ಕೆ ಹೊರಳಿದರೆ, ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಕ್ಲಾಸು. ‘ನಮ್ಮ’ ಅಂದೆ ನೋಡಿ! ಬಿಟ್ಟು ಎಷ್ಟು ತಿಂಗಳಾದರೂ ನಾಲಗೆಗೆ ಇನ್ನೂ ಬುದ್ಧಿ ಬಂದಿಲ್ಲ. ಮ್ಯಾನೇಜ್‌ಮೆಂಟ್ ಡಿಗ್ರಿ ಓದುವ ಹುಡುಗರಿಗೆ ಅಲ್ಲಿ ಕೋಚಿಂಗ್. ನಾನು ಕಲಿಸುತ್ತಿದ್ದದ್ದು ಮಾನವ ಸಂಪನ್ಮೂಲ, ಹುಡುಗರ ಬಾಯಲ್ಲಿ ಎಚ್ಚಾರ್. ಒಂದು ಸಂಸ್ಥೆಗೆ ಎಷ್ಟು ಜನ ಬೇಕು, ಎಷ್ಟು ಜನ ಇದ್ದಾರೆ, ದೊಡ್ಡ ಕುರ್ಚಿ ಖಾಲಿಯಾದರೆ ಕೂರುವವರು ಯಾರು, ವರ್ಷಕ್ಕೆ ಎಷ್ಟು ಜನ ಬಿಟ್ಟು ಹೋಗುತ್ತಾರೆ, ಇದೇ ನನ್ನ ಅನ್ನ.

ಕ್ಲಾಸಿನ ಯಜಮಾನರು ನಮ್ಮ ಕಡೆಯವರೇ, ಕುಂದಾಪುರದವರು. ಎಲ್ಲರೂ ಅವರನ್ನು ಸರ್ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು, ಕೆಲಸ ಆಗಬೇಕಾದಾಗ ಮಾತ್ರ ‘ನಮ್ಮೂರಿನವರು ನೀವು’ ಅನ್ನುತ್ತಿದ್ದರು. ಆ ಮಾತಿಗೆ ನಾನು ಸೋಲುತ್ತಿದ್ದೆ. ಇಷ್ಟು ಜನ ತುಂಬಿದ ಲೋಕಲ್ ಟ್ರೇನಿನಲ್ಲಿ ದಿನವೂ ನೂಕಿಸಿಕೊಂಡು ಬಂದವಳಿಗೆ ಒಬ್ಬರು ನಮ್ಮೂರಿನವರು ಅಂದರೆ ಕರಗದೆ ಇರಲಿಕ್ಕೆ ಆಗುತ್ತದಾ?

ಒಂದು ದಿನ ಸರ್ ನನ್ನನ್ನು ಒಳಗೆ ಕರೆದು ಚಹಾ ತರಿಸಿದರು. ನವಿ ಮುಂಬಯಿಯ ನೆರೂಳದಲ್ಲಿ ಹೊಸ ಬ್ರಾಂಚು ಮಾಡಿ ಅಲ್ಲಿಗೆ ಹೋಗುತ್ತೇನೆ, ಡೊಂಬಿವಲಿಯ ಹೆಡ್ ಕುರ್ಚಿ ಖಾಲಿಯಾಗುತ್ತದೆ ಅಂದರು. ‘ಅದರಲ್ಲಿ ನೀವಲ್ಲದೆ ಬೇರೆ ಯಾರು ಕೂರುವುದು ಮೇಡಂ? ಆದರೆ ಒಂದು ಮಾತು. ನೀವು ಮೇಲೆ ಬಂದರೆ ಎಚ್ಚಾರ್ ಕಲಿಸುವವರು ಯಾರು? ಮೊದಲು ನಿಮ್ಮ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿ.’

ಮಾತು ತಪ್ಪಲ್ಲ. ನಾನೇ ಕಲಿಸುತ್ತಿದ್ದದ್ದು ಅದು. ಮೇಲಿನ ಕುರ್ಚಿಗೆ ಒಬ್ಬರನ್ನು ಏರಿಸಬೇಕಾದರೆ, ಅವರು ಬಿಟ್ಟು ಬರುವ ಕುರ್ಚಿಗೂ ಒಬ್ಬರು ಸಿದ್ಧರಿರಬೇಕು. ಇಲ್ಲದಿದ್ದರೆ ಒಂದು ತೂತು ಮುಚ್ಚಿ ಇನ್ನೊಂದು ತೂತು ತೆಗೆದ ಹಾಗೆ. ಉತ್ತರಾಧಿಕಾರ ಯೋಜನೆ ಅಂತ ದೊಡ್ಡ ಹೆಸರು ಇದಕ್ಕೆ. ಹತ್ತು ಅಂಕದ ಪ್ರಶ್ನೆ, ಹೆಚ್ಚುಕಡಿಮೆ ಪ್ರತಿ ಪರೀಕ್ಷೆಗೂ ಬರುತ್ತದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, ‘ಬರಹದಲ್ಲಿ ಕೊಟ್ಟಿದ್ದಾರಾ?’ ಅಂದರು. ನನಗೆ ಸಿಟ್ಟು ಬಂತು. ನಮ್ಮೂರಿನವರ ಹತ್ತಿರ ಎಂತ ಬರಹ ಕೇಳುವುದು!

ತಯಾರು ಮಾಡಲಿಕ್ಕೆ ನಾನು ಆರಿಸಿದ್ದು ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯ ಹುಡುಗಿಯನ್ನು. ನನ್ನ ಕೈಯಲ್ಲೇ ಕಲಿತವಳು, ಎಂಬಿಎ ಮುಗಿಸಿ ಠಾಣೆಯ ಒಂದು ಆಫೀಸಿನಲ್ಲಿ ಸಿಡಿಮಿಡಿ ಅನ್ನುತ್ತಿದ್ದಳು. ಮನೆಯಲ್ಲಿ ತುಳು, ನಾನು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಅರ್ಧ ಹಿಂದಿ. ಚಿಕ್ಕವಳಿದ್ದಾಗ ನಮ್ಮ ಮನೆಗೆ ಬಂದು ನೀರುದೋಸೆ ತಿಂದು ಹೋಗುತ್ತಿದ್ದವಳು. ಇವಳಿಗೆ ನನ್ನ ನೋಟ್ಸ್ ಕೊಟ್ಟೆ. ಬೋರ್ಡಿನ ಮೇಲೆ ಲೆಕ್ಕ ಹೇಗೆ ಬಿಡಿಸಬೇಕು, ಹಿಂದಿನ ಬೆಂಚಿನ ಗಲಾಟೆಯನ್ನು ಬೈಯದೆ ಹೇಗೆ ನಿಲ್ಲಿಸಬೇಕು, ಹುಡುಗರು ಎಲ್ಲಿ ಎಡವುತ್ತಾರೆ, ಎಲ್ಲ ಹೇಳಿಕೊಟ್ಟೆ.

ಟರ್ನೋವರ್ ರೇಟ್ ಅಂದರೆ ವರ್ಷಕ್ಕೆ ನೂರಕ್ಕೆ ಎಷ್ಟು ಜನ ಕೆಲಸ ಬಿಟ್ಟರು ಅನ್ನುವ ಲೆಕ್ಕ, ಅದರಲ್ಲಿ ಹುಡುಗರು ಎಡವುವುದು ಒಂದೇ ಜಾಗದಲ್ಲಿ. ಬಿಟ್ಟುಹೋದವರ ಸಂಖ್ಯೆಯನ್ನು ವರ್ಷದ ಶುರುವಿನಲ್ಲಿ ಇದ್ದವರಿಂದ ಭಾಗಿಸಿಬಿಡುತ್ತಾರೆ. ಹಾಗಲ್ಲ. ಶುರುವಿನಲ್ಲಿದ್ದವರು, ಕೊನೆಯಲ್ಲಿ ಉಳಿದವರು, ಎರಡನ್ನೂ ಕೂಡಿಸಿ ಅರ್ಧ ಮಾಡಿ ಸರಾಸರಿ ತೆಗೆಯಬೇಕು, ಅದರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಉತ್ತರ ಬಂದ ಮೇಲೆ ಮುಗಿಯಲಿಲ್ಲ, ಅದರ ಅರ್ಥ ಬರೆಯಬೇಕು. ‘ಬರೀ ಅಂಕಿ ಬರೆದು ಓಡಿಬಂದರೆ ಅರ್ಧ ಮಾರ್ಕು ಹೋಯಿತು ಅಂತ ಹೇಳು ಅವರಿಗೆ,’ ಅಂದೆ. ‘ಹೋದವರು ಯಾಕೆ ಹೋದರು, ಸಂಸ್ಥೆ ಮನಸ್ಸು ಮಾಡಿದ್ದರೆ ತಡೆಯಬಹುದಿತ್ತಾ ಇಲ್ಲವಾ, ಅದನ್ನು ಬೇರೆ ಮಾಡಬೇಕು. ಸಂಬಳ ಸಾಲದೆ ಹೋದರೆ ತಡೆಯಬಹುದಾದದ್ದು. ನಿವೃತ್ತಿ, ಮದುವೆ, ಮನೆಯ ಕಾರಣ, ಇವೆಲ್ಲ ತಡೆಯಲಾಗದ್ದು. ಅದರಲ್ಲಿ ಸಂಸ್ಥೆಯ ತಪ್ಪಿಲ್ಲ.’ ಅವಳು ತಲೆ ಅಲ್ಲಾಡಿಸಿ ಬರೆದುಕೊಂಡಳು. ಬುದ್ಧಿವಂತೆ, ಒಂದು ಸಲ ಹೇಳಿದರೆ ಸಾಕು.

ಆ ವರ್ಷ ಮೇ ರಜೆ ಮುಗಿದ ಮೇಲೆ ಅವಳೇ ಪಾಠ ಮಾಡಿದಳು, ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಚೆನ್ನಾಗಿ ಮಾಡಿದಳು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಿಂದ ನನ್ನ ಕಣ್ಣು ತುಂಬಿತ್ತು. ನೆರೂಳಕ್ಕೆ ಎಷ್ಟು ಬ್ಯಾಚು, ಎಷ್ಟು ಜನ ಟೀಚರ್ಸ್ ಬೇಕು ಅನ್ನುವ ಅಂದಾಜನ್ನೂ ಸರ್‌ಗೆ ನಾನೇ ಮಾಡಿಕೊಟ್ಟೆ. ಭಾನುವಾರ ಅವರ ಜೊತೆ ಆ ಖಾಲಿ ಜಾಗ ನೋಡಲಿಕ್ಕೂ ಹೋದೆ.

ಗಣಪತಿ ಹಬ್ಬ ಮುಗಿದ ವಾರ ಸರ್ ಮತ್ತೆ ಚಹಾ ತರಿಸಿದರು. ಈ ಸಲ ಒಳಗೆ ಅವರ ಮಗನೂ ಕೂತಿದ್ದ. ಪುಣೆಯಲ್ಲಿ ಏನೋ ವ್ಯಾಪಾರ ಮಾಡಿ ಕೈಸುಟ್ಟುಕೊಂಡು ಬಂದವನು, ಒಂದು ದಿನ ಚಾಕ್ ಹಿಡಿದವನಲ್ಲ. ಕೂತಿದ್ದದ್ದು ಹೆಡ್ ಕುರ್ಚಿಯಲ್ಲಿ.

‘ಮೇಡಂ, ಡೊಂಬಿವಲಿ ಇನ್ನು ಇವನು ನೋಡಿಕೊಳ್ಳುತ್ತಾನೆ,’ ಅಂದರು ಸರ್.

‘ಆಯಿತು, ಹಾಗಾದರೆ ನಾನು ನನ್ನ ಎಚ್ಚಾರ್ ಬ್ಯಾಚುಗಳನ್ನೇ ನೋಡುತ್ತೇನೆ,’ ಅಂದೆ. ಕೆಲಸವಾದರೂ ಉಳಿಯಲಿ ಅಂತ.

‘ಅದಕ್ಕೆ ಅವಳು ಇದ್ದಾಳಲ್ಲ. ಒಂದು ವಿಷಯಕ್ಕೆ ಇಬ್ಬರು ಹೆಚ್ಚಾಗುತ್ತದೆ.’

‘ನೆರೂಳಕ್ಕಾದರೂ ಕಳಿಸಿ.’

‘ನೆರೂಳಕ್ಕೂ ಅವಳೇ ವಾರಕ್ಕೆ ಎರಡು ದಿನ ಬರುತ್ತಾಳೆ. ನಿಮಗೇ ಗೊತ್ತಲ್ಲ ಮೇಡಂ, ಬೇಕಾದವರಿಗಿಂತ ಇರುವವರು ಹೆಚ್ಚಾದರೆ ಏನು ಮಾಡಬೇಕು ಅಂತ. ನೀವೇ ಕಲಿಸುತ್ತೀರಿ.’

ನನ್ನ ಪಾಠವನ್ನು ನನಗೇ ಒಪ್ಪಿಸಿದ ಮನುಷ್ಯ! ಆಮೇಲೆ ಮೆಲ್ಲಗೆ, ಮನೆಯ ಕಾರಣ ಅಂತ ಬರೆದು ರಾಜೀನಾಮೆ ಕೊಡಿ, ನಿಮ್ಮ ಮರ್ಯಾದೆಗೂ ಒಳ್ಳೆಯದು, ನಮಗೂ ಒಳ್ಳೆಯದು ಅಂದರು. ಮಗ ಫೋನು ನೋಡುತ್ತಿದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗಾದೆ ಕೇಳಿದ್ದೆ, ದೋಣಿಯಿಂದ ಅಂಬಿಗನನ್ನೇ ನೀರಿಗೆ ನೂಕುವವರನ್ನು ಅವತ್ತು ನೋಡಿದೆ. ಬರೆದುಕೊಟ್ಟೆ. ಅಕ್ಷರ ಮಾತ್ರ ಚೆನ್ನಾಗಿ ಬಂತು.

ಸರ್ ಮೇಲಿನ ಸಿಟ್ಟನ್ನು ಬೈದು ಬೈದು ತೀರಿಸಿಕೊಂಡೆ. ಹುಡುಗಿಯ ಮೇಲೆ ನನಗೆ ಆಗ ಸಿಟ್ಟು ಇರಲಿಲ್ಲ. ಪಾಪ, ಅವಳಿಗೇನು ಗೊತ್ತು ಅಂದುಕೊಂಡೆ. ಮೆಟ್ಟಿಲಲ್ಲಿ ಸಿಕ್ಕರೆ ಅವಳು ತಲೆ ತಗ್ಗಿಸಿ ಇಳಿಯುತ್ತಿದ್ದಳು, ಸಂಕೋಚ ಅಂದುಕೊಂಡೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವಳೇ ಬಂದಳು, ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು. ದೊಡ್ಡ ಪರೀಕ್ಷೆಗೆ ಮುಂಚೆ ನಮ್ಮ ಕ್ಲಾಸುಗಳಲ್ಲಿ ಪ್ರಿಲಿಮ್ ಇಡುತ್ತಾರೆ, ತಿದ್ದಲಿಕ್ಕೆ ಹೊರಗಿನವರಿಗೆ ಕೊಡುತ್ತಾರೆ. ನಾನೀಗ ಹೊರಗಿನವಳು. ‘ಆಂಟಿ, ಚೆಕ್ಕಿಂಗಿಗೆ ಕೋಈ ನಹೀ ಮಿಲ್ ರಹಾ, ಪ್ಲೀಸ್,’ ಅಂದಳು, ತಿದ್ದಲಿಕ್ಕೆ ಯಾರೂ ಸಿಗುತ್ತಿಲ್ಲವಂತೆ. ಒಳಗೆ ಕರೆದೆ, ಚಹಾ ಇಟ್ಟೆ, ಪ್ರಶ್ನೆಪತ್ರಿಕೆ ತೆಗೆದುಕೊಂಡು ಕೂತೆ. ಅವಳೇ ತೆಗೆದ ಪೇಪರು ಅಂತ ನೋಡುವ ಆಸೆ.

ಮೂರನೇ ಪ್ರಶ್ನೆ ಹೀಗಿತ್ತು. ಒಂದು ಕೋಚಿಂಗ್ ಸಂಸ್ಥೆಯಲ್ಲಿ ವರ್ಷದ ಶುರುವಿನಲ್ಲಿ ಇಪ್ಪತ್ತೆರಡು ಶಿಕ್ಷಕರು. ಆರು ಜನ ಬಿಟ್ಟರು, ಇಬ್ಬರು ಹೊಸಬರು ಸೇರಿದರು, ಕೊನೆಗೆ ಹದಿನೆಂಟು. ಬಿಟ್ಟವರಲ್ಲಿ ಮೂವರು ಹೆಚ್ಚಿನ ಸಂಬಳಕ್ಕೆ ಹೋದರು, ಒಬ್ಬರು ನಿವೃತ್ತರಾದರು, ಒಬ್ಬರು ಮದುವೆಯಾಗಿ ಬೇರೆ ಊರಿಗೆ ಹೋದರು. ಆರನೆಯವರು ಒಬ್ಬ ಹಿರಿಯ ಶಿಕ್ಷಕಿ, ತನ್ನ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿದ ಮೇಲೆ, ಮನೆಯ ಕಾರಣದಿಂದ ತಾನಾಗಿಯೇ ರಾಜೀನಾಮೆ ಕೊಟ್ಟರು. ಟರ್ನೋವರ್ ರೇಟ್ ಎಷ್ಟು? ಅದರಲ್ಲಿ ತಡೆಯಬಹುದಾದದ್ದು ಎಷ್ಟು? ವಿವರಿಸಿ.

‘ಇದು ಯಾರು ಮಾರಾಯ್ತಿ?’ ಅಂದೆ.

‘ಆಂಟಿ, ಅದು ಬಸ್ ಏಕ್ ಉದಾಹರಣೆ.’

‘ತಾನಾಗಿಯೇ? ನಾನಾಗಿಯೇ ಬಿಟ್ಟದ್ದಾ?’

ಅವಳು ಕಪ್ಪು ಕೆಳಗಿಟ್ಟಳು. ಕೆದಕಿ ಕೆದಕಿ ಕೇಳಿದೆ, ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟಳು. ಮಗ ಬರುವುದು ಅವಳಿಗೆ ಮೇ ರಜೆಗೆ ಮುಂಚೆಯೇ ಗೊತ್ತಿತ್ತು. ನನ್ನ ಜಾಗ ಅವಳದ್ದೇ ಅಂತ ಸರ್ ಮಾತು ಕೊಟ್ಟಿದ್ದರು, ಅವಳಿಗೆ ಬರಹದಲ್ಲೂ ಕೊಟ್ಟಿದ್ದರು. ‘ಸರ್ ಹೇಳಬೇಡ ಅಂದಿದ್ದರು ಆಂಟಿ. ಹೇಳಿದ್ದರೆ ನೀವು ಕಲಿಸುತ್ತಿರಲಿಲ್ಲ.’ ಅಷ್ಟನ್ನು ಮಾತ್ರ ಶುದ್ಧ ಕನ್ನಡದಲ್ಲಿ ಹೇಳಿದಳು.

ಹಾಗಾದರೆ ನಾನು ಹಿಂದಿನ ಬೆಂಚಿನಲ್ಲಿ ಕಣ್ಣೊರೆಸಿಕೊಂಡಾಗ, ಬೋರ್ಡಿನ ಹತ್ತಿರ ನಿಂತಿದ್ದವಳಿಗೆ ಎಲ್ಲ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವಳಿಗೆ ತಿನ್ನಿಸಿದ ನೀರುದೋಸೆಯೆಲ್ಲ ನೆನಪಾಯಿತು. ‘ಎದ್ದು ಹೋಗು ನೀನು,’ ಅಂದೆ. ಅವಳು ಎದ್ದಳು. ಕಟ್ಟು ಮಾತ್ರ ಮೇಜಿನ ಮೇಲೇ ಉಳಿಯಿತು, ಅದರ ಮೇಲೆ ಅವಳು ಬರೆದ ಮಾದರಿ ಉತ್ತರ. ಸರಾಸರಿ ಇಪ್ಪತ್ತು, ಬಿಟ್ಟವರು ಆರು, ಟರ್ನೋವರ್ ಮೂವತ್ತು ಪರ್ಸೆಂಟ್. ತಡೆಯಬಹುದಾದವರು ಮೂವರು, ಹದಿನೈದು ಪರ್ಸೆಂಟ್. ಆರನೆಯವಳನ್ನೂ ಈ ಮೂವರ ಜೊತೆ ಸೇರಿಸಿದ್ದರೆ ಇಪ್ಪತ್ತಾಗುತ್ತಿತ್ತು. ನಾನು ಬರೀ ಐದು ಪರ್ಸೆಂಟು, ಅದನ್ನೂ ತಡೆಯಲಾಗದ್ದರ ಕಡೆ, ಆಚೆಗೆ ತಳ್ಳಿದ್ದಳು.

ಕಟ್ಟನ್ನು ವಾಪಸು ಎಸೆದು ಬರಬೇಕು ಅನ್ನಿಸಿತು. ಎಸೆಯಲಿಲ್ಲ. ಅರ್ಧಕ್ಕರ್ಧ ಹುಡುಗರು ಹಿಂದಿನ ವರ್ಷ ನನ್ನ ಕೈಯಲ್ಲಿ ಕಲಿತವರು. ಅವರಲ್ಲಿ ಒಬ್ಬರಾದರೂ ನಿಂತು ಯೋಚಿಸಿರುತ್ತಾರೆ ಅಂತ ಆಸೆ. ತನ್ನ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿದವಳು ಮೇಲೆ ಹೋಗಬೇಕಲ್ಲ, ಹೊರಗೆ ಯಾಕೆ ಹೋದಳು ಅಂತ ಒಬ್ಬರಾದರೂ ಕೇಳಿರುತ್ತಾರೆ, ಇಪ್ಪತ್ತು ಅಂತ ಬರೆದಿರುತ್ತಾರೆ. ಹಾಗೆ ಬರೆದವರಿಗೆ, ಮಾದರಿ ಉತ್ತರ ಏನೇ ಹೇಳಲಿ, ಪೂರ್ತಿ ಅಂಕ ಕೊಟ್ಟುಬಿಡಬೇಕು ಅಂತ ಗಟ್ಟಿ ಮಾಡಿಕೊಂಡೆ.

ಮೊದಲನೆಯವನು ಹದಿನೈದು ಬರೆದಿದ್ದ. ಎರಡನೆಯವಳೂ ಹದಿನೈದು. ಕೆಲವರು ಸರಾಸರಿ ತೆಗೆಯದೆ ಎಡವಿದ್ದರು, ಅಲ್ಲೂ ಆರನೆಯವಳು ಆಚೆಗೇ ಇದ್ದಳು. ಹಿಂದಿನ ಬೆಂಚಿನ ಪುಂಡ, ಮುಂದಿನ ಬೆಂಚಿನ ಜಾಣೆ, ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದವರು, ಎಲ್ಲರ ಬರಹವೂ ನನಗೆ ಗುರುತು. ಮನೆಯ ಕಾರಣ ತಡೆಯಲಾಗದ್ದು, ಸಂಸ್ಥೆಯ ತಪ್ಪಿಲ್ಲ. ನನ್ನದೇ ವಾಕ್ಯ, ಒಂದು ಪದ ಆಚೀಚೆ ಇಲ್ಲದೆ. ಪ್ರಶ್ನೆಯಲ್ಲಿ ಕೊಟ್ಟದ್ದಕ್ಕೆ ಅದೇ ಸರಿ ಉತ್ತರ. ಸರಿಯಿದ್ದದ್ದಕ್ಕೆ ತಪ್ಪು ಹಾಕಲಿಕ್ಕೆ ನನಗೆ ಯಾವತ್ತೂ ಬಂದದ್ದಿಲ್ಲ. ಒಂದೊಂದಾಗಿ ಟಿಕ್ ಹಾಕುತ್ತಾ ಹೋದೆ.

ಕೊನೆಯ ಪೇಪರು ಮುಗಿಯುವಾಗ ಕೆಳಗಿನ ಮನೆಯಿಂದ ಫೋನು ಬಂತು. ‘ಆಂಟಿ, ಮೂರನೇ ಪ್ರಶ್ನೆ ಹುಡುಗರು ಹೇಗೆ ಬರೆದಿದ್ದಾರೆ?’ ಅಂತ ಅವಳು ಮೆಲ್ಲಗೆ ಕೇಳಿದಳು.

‘ನಾನು ಕಲಿಸಿದ ಹಾಗೇ ಬರೆದಿದ್ದಾರೆ,’ ಅಂದು ಫೋನು ಇಟ್ಟೆ.