ಒಂದು ಮಿನಿಟಿನೊಳಗೆ ನೀಲಕಂಠಪ್ಪ

ಮುಂಬೈ ಗೋರೆಗಾಂವಿನ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಸಾಯಬಣ್ಣನ ಜೊತೆ ವರ್ಷಗಟ್ಟಲೆ ಬಾಳಿದ ನೀಲಕಂಠಪ್ಪ, ಆ ಸಂಜೆ ಕನ್ನಡ ಸಂಘದ ಸನ್ಮಾನ ಮುಗಿಸಿಕೊಂಡು ಕಲಬುರಗಿಯ ಮಗಳ ಮನೆಗೆ ಕಾಯಂ ಹೊರಡಲಿದ್ದ. ಅವನ ಬಗ್ಗೆ ನಾಲ್ಕು ಮಾತಾಡುವ ಪಾಳಿ ಸಾಯಬಣ್ಣನದು. ಕಟ್ಟಡದ ಕೆಲಸದಲ್ಲಿ ಸೆಂಟ್ರಿಂಗ್ ಹಲಗೆ ಬಡಿದ ಕೈಯಿಂದ ನಾಲ್ಕು ಹಾಳೆ ಬರೆದಿದ್ದ. ಕೊನೆಗೆ 'ಹೋಗಬೇಡ, ಇಲ್ಲೇ ಇರು' ಅಂತಲೂ ಬರೆದಿದ್ದ. ಖೋಲಿಯಲ್ಲಿ ಎದುರುಬದುರು ಕೂತು ಆಡಲಾರದ ಮಾತು, ಮೈಕಿನಲ್ಲಾದರೂ ಬಂದೀತೆಂಬ ಆಸೆ.

ಸಭೆಯ ಹಾಲ್‌ನ ಬಾಗಿಲಲ್ಲೇ ಸಂಘದ ಕಾರ್ಯದರ್ಶಿ ಅನುರಾಧಾ ತಡೆದಳು.

"ಕಾಕಾ, ಒಂದೇ ಮಿನಿಟ್. ಇಪ್ಪತ್ತು ಮಂದಿಗೆ ಸನ್ಮಾನ ಅದ, ಆಮೇಲೆ ಮಕ್ಕಳ ಡಾನ್ಸ್. ಎಂಟಕ್ಕ ಹಾಲ್ ಖಾಲಿ ಮಾಡಬೇಕು."

"ಒಂದು ಮಿನಿಟಿನ್ಯಾಗ ಬರೇ ಕೆಮ್ಮಬಹುದವ್ವ."

"ಓದ್ರಿ, ನಾ ಟೈಮ್ ನೋಡ್ತೀನಿ."

ಮೆಟ್ಟಿಲ ಮೇಲೆ ಕೂತು ಓದಿದ. ವೇದಿಕೆಯ ಮೇಲೆ ಕೂರುವವರ ಹೆಸರು ಹೇಳುವುದರೊಳಗೇ ಮಿನಿಟು ತೀರಿತು.

"ಅವರ ಹೆಸರು ನಿರೂಪಕಿ ಮೊದಲೇ ಹೇಳಿರ್ತಾಳ. ತೆಗೀರಿ."

"ದೊಡ್ಡವರು ಸಿಟ್ಟಾಗಂಗಿಲ್ಲೇನು?"

"ಬೇಗ ಮುಗಿಸಿದ್ರ ಖುಷಿ ಆಗ್ತಾರ." ಮುಂದಿನ ಹಾಳೆ ನೋಡಿದಳು. "ಹುಟ್ಟಿದೂರು, ಸಂಘಕ್ಕ ಮಾಡಿದ ಕೆಲಸ, ಇವೆಲ್ಲ ಸನ್ಮಾನಪತ್ರದಾಗ ಓದ್ತಾರ. ನಿಮಗ ಮಾತ್ರ ಗೊತ್ತಿರೋದು ಒಂದು ಹೇಳ್ರಿ. ಒಂದೇ."

ಸಾಯಬಣ್ಣ ಪೆನ್ನು ಹಿಡಿದು ಗೀಟು ಎಳೆಯುತ್ತ ಹೋದ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ತುಂಬಿದ ಸಭೆಯಲ್ಲಿ ಶಾಲು ಹೊದ್ದು ಕೂತವನನ್ನು ಹಾಗೆ ಕೇಳಿದರೆ, ಅವನನ್ನು ಕರೆದೊಯ್ಯಲು ಬಂದ ಮಗಳ ಮುಖ ಏನಾದೀತು? ಅವನು ಏನು ಉತ್ತರ ಕೊಟ್ಟಾನು? ಆ ಸಾಲಿನ ಮೇಲೂ ಗೀಟು ಎಳೆದ. ಉಳಿದದ್ದನ್ನು ಎರಡು ಸಲ ಬಾಯಿಬಿಟ್ಟು ಓದಿಕೊಂಡ. ಮಿನಿಟಿಗಿಂತ ಕಡಿಮೆಯೇ ಆಯಿತು.

ಪಾಳಿ ಬಂತು. ಹಾಳೆ ಜೇಬಿನಲ್ಲೇ ಉಳಿಯಿತು.

"ನನ್ನ ಹೆಂಡ್ತಿ ಮಹಾದೇವಿ ತೀರಿಕೊಂಡ ಮರುದಿನ ನಾ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಒಲಿ ಮುಂದ ಎಂದೂ ಕೂತಿರದ ಈ ನೀಲಕಂಠಪ್ಪ ಜೋಳದ ರೊಟ್ಟಿ ತಟ್ಟಿದ. ಅದು ದುಂಡಗಿರಲಿಲ್ಲ, ಹರಿದು ಮೂರು ತುಂಡಾಗಿತ್ತು. 'ಉಣ್ಣು, ಇಲ್ಲಂದ್ರ ನಾನೂ ಉಣ್ಣಂಗಿಲ್ಲ' ಅಂದ. ಅವತ್ತಿನಿಂದ ಇವತ್ತಿನ ತನಕ ಈ ಮುಂಬೈಯಾಗ ನಾ ಒಬ್ಬನೇ ಕೂತು ಉಂಡಿಲ್ಲ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಇನ್ನೂ ಸಮಯವಿದೆ ಎಂದು ಅನುರಾಧಾ ಕೈ ತೋರಿಸಿದಳು. ಸಾಯಬಣ್ಣ ಮೈಕು ಹಿಡಿದು ಗೆಳೆಯನ ಕಡೆ ನೋಡಿದ. 'ಹೋಗಬೇಡ' ಎಂಬ ಆ ಸಾಲು ತುಟಿಯ ತನಕ ಬಂದಿತ್ತು.

"ಹೋಗಿ ಬಾರಪಾ," ಅಂದು ಇಳಿದ.

ರೈಲಿನ ಹೊತ್ತಾಗಿತ್ತು. ಮಗಳು ಅಪ್ಪನ ಕೈ ಹಿಡಿದು ನಡೆದಳು. ಶಾಲಿನಲ್ಲೇ ಹೊರಟ ನೀಲಕಂಠಪ್ಪ ಬಾಗಿಲಲ್ಲಿ ನಿಂತ. "ವಾರಗಟ್ಟಲೆ ಕೂತು ಬರೆದಿಯಲ್ಲೋ, ಇಷ್ಟೇ ಏನು?"

"ಉಳಿದದ್ರಾಗೆಲ್ಲ ದೊಡ್ಡವರ ಹೆಸರಿತ್ತು. ತೆಗೆಸಿಬಿಟ್ರು."

ಅಪ್ಪ, ಮಗಳು ಹೋದ ಮೇಲೆ, ಹೊರಗೆ ಊಟದ ಪೊಟ್ಟಣ ಹಂಚುತ್ತಿದ್ದ ಹೆಂಗಸು ಸಾಯಬಣ್ಣನ ಮುಖವನ್ನೂ ನೋಡದೆ ಕೇಳಿದಳು.

"ಎಷ್ಟು ಕೊಡ್ಲಿ, ಕಾಕಾ?"

ಅಭ್ಯಾಸಬಲದಿಂದ ಎರಡು ಬೆರಳು ಮೇಲೆದ್ದಿದ್ದವು. ಸಾಯಬಣ್ಣ ಒಂದನ್ನು ಮಡಿಚಿದ.