ಹತ್ತರಲ್ಲಿ ನಿಂತ ನೀರು

ಕಡೂರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿಯಿದೆ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ, ಬಿಡುವಾದಾಗ ನನ್ನದೇ ಸರ್ಕ್ಯೂಟ್ ಬೋರ್ಡುಗಳನ್ನು ಕಟ್ಟುತ್ತೇನೆ. ಮನೆ ತರೀಕೆರೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೆ ಬೇಗ ಹೋಗಬೇಕು ಅನ್ನಿಸುವುದಿಲ್ಲ. ಅಂಗಡಿಯಲ್ಲಾದರೆ ಬೆಸುಗೆ ಕಡ್ಡಿಯಾದರೂ ಬಿಸಿಯಾಗಿರುತ್ತದೆ. ಗಿರಾಕಿಗಳ ಜೊತೆ ನಾನು ಹೆಚ್ಚು ಮಾತಾಡುವವನಲ್ಲ. ಮೂಗಿನ ತುದಿಯಲ್ಲೇ ಕೋಪ ಅಂತ ಬಜಾರಿನಲ್ಲಿ ಹೆಸರು ಮಾಡಿದ್ದೇನೆ, ಅದು ಸುಳ್ಳೂ ಅಲ್ಲ.

ಅಜ್ಜಂಪುರದ ಹತ್ತಿರ ತೆಂಗಿನ ಸಸಿ ಬೆಳೆಸುವ ಒಬ್ಬ ಹೆಂಗಸು ಆ ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬಂದರು. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಅಕ್ಕ ಅಂತಲೇ ಕರೆದೆ. ಒಂಟಿಯಾಗಿಯೇ ನರ್ಸರಿ ನಡೆಸುತ್ತಿದ್ದರು. ಅವರ ತಂಗಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆಗಬೇಕಿತ್ತು, ಜೊತೆಗಿರಲು ಬೇರೆ ಯಾರೂ ಇರಲಿಲ್ಲ. ಆದರೆ ಬಿಸಿಲಿಗೆ ಎರಡು ದಿನ ನೀರು ತಪ್ಪಿದರೆ ಎಳೆ ಸಸಿಗಳು ಉಳಿಯುವುದಿಲ್ಲ.

"ಮೋಟ್ರು ತಾನಾಗೇ ಆನ್ ಆಗ್ಬೇಕು, ತಾನಾಗೇ ಆಫ್ ಆಗ್ಬೇಕು ಕಣಪ್ಪಾ. ನಾನು ನಂಬಿ ಹೋಗೋ ಹಂಗೆ ಮಾಡ್ಕೊಡು," ಅಂದರು.

ತೊಟ್ಟಿ ತೋಟದ ಒಂದು ತುದಿಗೆ, ಬೋರ್‌ವೆಲ್ ಇನ್ನೊಂದು ತುದಿಗೆ. ಹಾಗಾಗಿ ಎರಡು ಬೋರ್ಡು, ನಡುವೆ ಸೀರಿಯಲ್ ತಂತಿ. ತೊಟ್ಟಿಯ ಬೋರ್ಡು ನೀರಿನ ಮಟ್ಟ ಅಳೆದು ಪ್ರತಿ ಸೆಕೆಂಡಿಗೊಂದು ಸಂದೇಶ ಕಳಿಸಬೇಕು. ಮಟ್ಟ ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ ಮೋಟಾರಿನ ಬೋರ್ಡು ಮೋಟಾರನ್ನು ಶುರು ಮಾಡಬೇಕು, ತೊಟ್ಟಿ ತುಂಬಿದಾಗ ನಿಲ್ಲಿಸಬೇಕು. ತಂತಿಯಲ್ಲಿ ಅಂಕಿಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದು ಸಂದೇಶ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಂತಿಗೆ ಗೊತ್ತಿರುವುದಿಲ್ಲ. ಅದಕ್ಕೆ ಗುರುತು ಬೇಕು. ಮೊದಲಿಗೆ ಶುರುವಿನ ಗುರುತು, ಆಮೇಲೆ ಸಂದೇಶದ ಸರದಿ ಸಂಖ್ಯೆ, ನೀರಿನ ಮಟ್ಟ, ಇವೆರಡನ್ನೂ ಕೂಡಿದ ತಾಳೆಯ ಅಂಕಿ, ಕೊನೆಗೆ ಮುಕ್ತಾಯದ ಗುರುತು. ಮುಕ್ತಾಯಕ್ಕೆ ನಾನು ಇಟ್ಟದ್ದು ಕಂಪ್ಯೂಟರಿನಲ್ಲಿ ಹೊಸ ಸಾಲಿಗೆ ಹೋಗುವ ಸಂಕೇತ. ಎಷ್ಟೋ ವರ್ಷದಿಂದ ಕೈಗೆ ರೂಢಿಯಾದದ್ದು. ತಾಳೆ ಸರಿಹೋಗದಿದ್ದರೆ ಮೋಟಾರಿನ ಬೋರ್ಡು ಆ ಸಂದೇಶವನ್ನು ಎಸೆದು, ಮೋಟಾರನ್ನು ಹೇಗಿದೆಯೋ ಹಾಗೇ ಬಿಡುತ್ತಿತ್ತು.

ಅಂಗಡಿಯಲ್ಲಿ ತೂತು ಕೊರೆದ ಬಕೆಟ್ ಇಟ್ಟು ಪರೀಕ್ಷಿಸಿದೆ. ನೀರು ಇಳಿಯಿತು, ಮೋಟಾರಿಗೆ ಕರೆಂಟು ಕೊಡುವ ರಿಲೇ ಟಕ್ಕೆಂದಿತು. ಆಗಾಗ ಒಂದು ಸಂದೇಶ ಕೆಟ್ಟು ಬೀಳುತ್ತಿದ್ದುದು ಕಣ್ಣಿಗೆ ಬಿತ್ತು. ಪಕ್ಕದ ಗ್ರೈಂಡಿಂಗ್ ಮೆಷಿನ್ನಿನ ಕಾಟ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬೋರ್ಡು ಕೂರಿಸಿದ ಮೇಲೆ ಸ್ವಲ್ಪ ದಿನ ಪರೀಕ್ಷೆ ಇರಲಿ ಎಂದೆ. ಮೋಟಾರಿನ ಬೋರ್ಡು ಸಂಜೆ ನನ್ನ ಫೋನಿಗೆ ಮಟ್ಟವನ್ನು ಎಸ್ಸೆಮ್ಮೆಸ್ ಮಾಡುತ್ತಿತ್ತು. ಅಕ್ಕ ತೊಟ್ಟಿಗೆ ಬಳಿದ ಗೆರೆ ನೋಡಿ ಫೋನಿನಲ್ಲಿ ಹೇಳುತ್ತಿದ್ದರು. ನಾನು ಅದನ್ನು ತಿರುಗಿ ಹೇಳಬೇಕು, ಅವರು ಹೌದು ಅನ್ನಬೇಕು. ನಾನೇ ಮಾಡಿದ ಕಟ್ಟಳೆ. ಆಮೇಲೆ ಅವರು ಕೇಳುತ್ತಿದ್ದರು, "ಊಟ ಆಯ್ತೇನಪ್ಪಾ?"

"ಆಯ್ತಕ್ಕಾ," ಅನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ಒಬ್ಬನಿಗೋಸ್ಕರ ಒಲೆ ಹಚ್ಚುವುದು ಬೇಸರ, ಅದನ್ನು ವಿವರಿಸುವುದು ಇನ್ನೂ ಬೇಸರ. ಆದರೂ ಆ ಫೋನಿಗೆ ಕಾಯುತ್ತಿದ್ದೆ. ಇಡೀ ದಿನದಲ್ಲಿ ಕೆಲಸಕ್ಕಲ್ಲದೆ ನನ್ನನ್ನು ಯಾರಾದರೂ ಏನಾದರೂ ಕೇಳುತ್ತಿದ್ದುದು ಅದೊಂದೇ.

ಇಬ್ಬರ ಲೆಕ್ಕವೂ ಸರಿಹೋಗುತ್ತಿತ್ತು. ಆಪರೇಷನ್ನಿಗೆ ಮೊದಲು ಒಮ್ಮೆ ತಂಗಿಯನ್ನು ಪರೀಕ್ಷೆಗೆ ಕರೆದೊಯ್ಯಲು ಅಕ್ಕ ಶಿವಮೊಗ್ಗಕ್ಕೆ ಹೋದರು. ಮೊದಲ ಸಂಜೆ ನನ್ನ ಫೋನಿಗೆ ಬಂದ ಮಟ್ಟ ಹನ್ನೊಂದು. ಮರುದಿನವೂ ಹನ್ನೊಂದು. ನೀರು ಇದೆಯಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಅವರು ವಾಪಸು ಬಂದು ಫೋನ್ ಮಾಡಿದಾಗ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ.

"ಮೋಟ್ರು ಆನ್ ಆಗೇ ಇಲ್ಲಪ್ಪಾ. ಮುಂದಿನ್ ಸಾಲು ಒಣ್ಗೋಗೈತೆ. ಆಪ್ರೇಷನ್‌ಗೆ ನಾನು ಬರಲ್ಲ ಅಂತ ತಂಗಿಗೆ ಹೇಳ್ಬಿಡ್ತೀನಿ. ನಂದೇ ತಪ್ಪು, ಬಿಟ್ ಹೋಗ್ಬಾರ್ದಿತ್ತು."

ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ ಅಜ್ಜಂಪುರಕ್ಕೆ ಹೋದೆ. ತೊಟ್ಟಿಯ ನೀರು ತಳದ ಹತ್ತಿರವಿತ್ತು. ಮೋಟಾರಿನ ತುದಿಯ ತಂತಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಬರುತ್ತಿದ್ದ ಅಂಕಿಗಳನ್ನು ನೋಡಿದೆ. ಒಂದೂ ಕೆಟ್ಟಿರಲಿಲ್ಲ. ತಂತಿ ಸರಿಯಿತ್ತು, ಸೆನ್ಸರ್ ಸರಿಯಿತ್ತು, ಆದರೂ ಬೋರ್ಡು ಪ್ರತಿಯೊಂದು ಸಂದೇಶವನ್ನೂ ಎಸೆಯುತ್ತಿತ್ತು. ಮಟ್ಟ ಹತ್ತು. ಮತ್ತೆ ಹತ್ತು. ಮತ್ತೆ ಹತ್ತು.

ಮುಕ್ತಾಯಕ್ಕೆ ನಾನಿಟ್ಟಿದ್ದ ಹೊಸ ಸಾಲಿನ ಸಂಕೇತದ ಅಂಕಿಯೂ ಹತ್ತೇ.

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮಟ್ಟ ಹತ್ತು ಎಂದು ತೊಟ್ಟಿಯ ಬೋರ್ಡು ಹೇಳುತ್ತಿದ್ದಂತೆ ಈ ಬೋರ್ಡು ಸಂದೇಶ ಮುಗಿಯಿತೆಂದು ತಿಳಿಯುತ್ತಿತ್ತು. ಅರ್ಧ ಸಂದೇಶಕ್ಕೆ ತಾಳೆ ಕೂಡುವುದಿಲ್ಲ, ಎಸೆಯುತ್ತಿತ್ತು. ಉಳಿದ ತುಂಡು ಬಂದರೆ ಅದನ್ನೂ ಎಸೆಯುತ್ತಿತ್ತು. ಅಂಗಡಿಯಲ್ಲಿ ಆಗಾಗ ಬಿದ್ದುಹೋಗುತ್ತಿದ್ದ ಸಂದೇಶವೂ ಇದೇ: ಸರದಿ ಸಂಖ್ಯೆಯೋ ತಾಳೆಯ ಅಂಕಿಯೋ ಹತ್ತಾದಾಗ ಹಾಗಾಗುತ್ತಿತ್ತು. ಪಾಪದ ಗ್ರೈಂಡಿಂಗ್ ಮೆಷಿನ್ನಿನ ತಪ್ಪೇನೂ ಇರಲಿಲ್ಲ.

ಆದರೆ ನೀರು ಒಂಬತ್ತಕ್ಕಾದರೂ ಇಳಿಯಬೇಕಿತ್ತಲ್ಲ? ಬಕೆಟ್ಟಿನಲ್ಲಿ ಇಳಿದಿತ್ತು, ಅದಕ್ಕೇ ರಿಲೇ ಟಕ್ಕೆಂದಿತ್ತು. ತೊಟ್ಟಿಯೊಳಗೆ ಬಗ್ಗಿ ಕೈಯಾಡಿಸಿದೆ. ಸಸಿಗಳಿಗೆ ನೀರು ಹೋಗುವ ಪೈಪು ತಳದಿಂದ ಸುಮಾರು ನಾಲ್ಕು ಬೆರಳು ಮೇಲಿತ್ತು.

"ಹೂಳು ಕೂತ್ಕೊಳ್ಳೋಕೆ ಜಾಗ ಬೇಕಲ್ಲಪ್ಪಾ. ನಮ್ ಕಡೆ ತೊಟ್ಟಿ ಕಟ್ಟೋದೇ ಹಂಗೆ," ಅಂದರು ಅಕ್ಕ.

"ಇಷ್ಟು ದಿನ ಇಲ್ಲಿಗಂಟ ಇಳಿದೇ ಇಲ್ವಲ್ಲಕ್ಕಾ?"

"ನಾನು ಇಳ್ಯೋಕೆ ಬಿಟ್ರಲ್ವಾ? ಅರ್ಧಕ್ಕೆ ಬರೋದ್ರೊಳ್ಗೆ ನಾನೇ ಬಟನ್ ಒತ್ಬಿಡ್ತಿದ್ದೆ. ಅಭ್ಯಾಸ."

ಅವರ ಅಭ್ಯಾಸ ನನ್ನ ಅಭ್ಯಾಸದ ತಪ್ಪನ್ನು ಅಷ್ಟೂ ದಿನ ಮುಚ್ಚಿಟ್ಟಿತ್ತು. ಅವರು ಶಿವಮೊಗ್ಗಕ್ಕೆ ಹೋದರು, ನೀರು ಪೈಪಿನ ಬಾಯಿಗೆ ಬಂದು ಸರಿಯಾಗಿ ಹತ್ತರಲ್ಲಿ ನಿಂತಿತು. ನನ್ನ ಫೋನಿಗೆ ಬಂದದ್ದು ಕೊನೆಯ ಸಲ ತಾಳೆಯಾದ ಹಳೇ ಹನ್ನೊಂದು.

ಅಲ್ಲೇ ಜಗಲಿಯ ಮೇಲೆ ಕೂತು ತಿದ್ದಿದೆ. ಸಂದೇಶದ ಒಳಗೆ ಗುರುತಿನಂಥದೇ ಅಂಕಿ ಬಂದರೆ ತೊಟ್ಟಿಯ ಬೋರ್ಡು ಅದರ ಮುಂದೊಂದು ಎಚ್ಚರಿಕೆಯ ಅಂಕಿ ಇಟ್ಟು, ಅದರ ರೂಪ ಬದಲಿಸಿ ಕಳಿಸುತ್ತದೆ. ಮೋಟಾರಿನ ಬೋರ್ಡು ಅದನ್ನು ಮತ್ತೆ ಮೊದಲಿನಂತೆ ಮಾಡಿಕೊಳ್ಳುತ್ತದೆ. ಎಚ್ಚರಿಕೆಯ ಅಂಕಿಯೇ ಒಳಗೆ ಬಂದರೆ ಅದಕ್ಕೂ ಇದೇ ಕಟ್ಟಳೆ. ಇನ್ನೊಂದನ್ನೂ ಸೇರಿಸಿದೆ. ಸ್ವಲ್ಪ ಹೊತ್ತು ಸರಿಯಾದ ಸಂದೇಶ ಬರದಿದ್ದರೆ ಹಳೆಯ ಅಂಕಿ ಹೇಳಿಕೊಂಡು ಕೂರುವ ಬದಲು 'ಸುದ್ದಿ ಇಲ್ಲ' ಎಂದು ಇಬ್ಬರ ಫೋನಿಗೂ ಎಸ್ಸೆಮ್ಮೆಸ್ ಕಳಿಸಬೇಕು. ಬೋರ್ಡುಗಳನ್ನು ಮತ್ತೆ ಶುರು ಮಾಡಿದೆ. ಹತ್ತು ಬಂತು, ಮೋಟಾರು ಗುಂಯ್ ಎಂದಿತು. ಅಕ್ಕ ಬಟನ್ನಿನ ಹತ್ತಿರ ಹೋಗದೆ ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತಿದ್ದರು. ತೊಟ್ಟಿ ತುಂಬಿ ಮೋಟಾರು ತಾನಾಗಿ ನಿಂತ ಮೇಲೆ ತಂಗಿಗೆ ಫೋನ್ ಮಾಡಿ "ಬತ್ತೀನಿ ಕಣೇ," ಅಂದರು.

ಅವರು ಹೋದರು. ಆಪರೇಷನ್ ಆಯಿತು. ಸಂಜೆ ಸಂಜೆ ನನ್ನ ಫೋನಿಗೆ ಬೋರ್ಡಿನಿಂದ ಮಟ್ಟ ಬರುತ್ತಿತ್ತು: ಅರವತ್ತು, ಎಂಬತ್ತು, ಒಮ್ಮೆ ಹತ್ತು, ಮತ್ತೆ ತೊಂಬತ್ತು. ಎಲ್ಲ ಸರಿ. ಎಲ್ಲ ಸರಿಯಾದ್ದರಿಂದ ಅವರು ಫೋನ್ ಮಾಡಬೇಕಾದ ಕೆಲಸ ಇರಲಿಲ್ಲ. ತರೀಕೆರೆಯ ಮನೆಯಲ್ಲಿ ದೀಪ ಹಾಕಿ ಫೋನನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ. ನನಗೆ ತುಂಬಾ ಒಂಟಿ ಅನ್ನಿಸುತ್ತಿತ್ತು. ಅದನ್ನು ಈಗ ಬರೆಯಲು ಸಂಕೋಚವಿಲ್ಲ, ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಸುದ್ದಿ ಇಲ್ಲ ಎಂದು ಹೇಳುವುದನ್ನು ಬೋರ್ಡಿಗೆ ಕಲಿಸಿದ್ದೆನಲ್ಲ, ನಾನು ಮಾತ್ರ ಹಳೇ ಹನ್ನೊಂದನ್ನೇ ಹೇಳಿಕೊಂಡು ಕೂತಿದ್ದೆ.

ಒಂದು ಸಂಜೆ ನಾನೇ ಫೋನ್ ಮಾಡಿದೆ. ಅವರು ಅಜ್ಜಂಪುರಕ್ಕೆ ವಾಪಸಾಗಿದ್ದರು.

"ಅಕ್ಕಾ, ನೀರು ಎಷ್ಟಿದೆ?"

"ಯಾಕಪ್ಪಾ, ಬೋರ್ಡು ಹೇಳ್ಲಿಲ್ವಾ?"

"ಹೇಳ್ತು."

ಅವರು ಎದ್ದು ತೊಟ್ಟಿಯ ಕಡೆ ಹೋದ ಚಪ್ಪಲಿ ಸದ್ದು ಕೇಳಿಸಿತು.

"ಎಪ್ಪತ್ತೈತೆ."

"ಎಪ್ಪತ್ತು," ಅಂದೆ.

"ಹೂಂ, ಹೌದು. ಊಟ ಆಯ್ತೇನಪ್ಪಾ?"

"ಇಲ್ಲಕ್ಕಾ," ಅಂದೆ.