ಹಿಟ್ಟು ಬೇಡ, ಜೋಳದ ಮಾತು ಬೇರೆ

ನಮ್ಮ ಕೊಟ್ಟೂರಿನ ಕಡೆ ಬೇಡವಾದದ್ದಕ್ಕೂ ಬೇಕಾದದ್ದಕ್ಕೂ ಒಂದೇ ಮಾತು, 'ಆಗ್ಲಿ'. ಮಗಳನ್ನು ಕೊಡುವ ಮನಸ್ಸಿಲ್ಲದಿದ್ದರೂ ಆಗ್ಲಿ ನೋಡೋಣ್ರಿ ಅಂತೀವಿ, ಕೊಡುವುದಿದ್ದರೂ ಆಗ್ಲಿ ಅಂತೀವಿ. ಕೇಳಿದವರು ಮುಖ ನೋಡಿ ತಿಳಿದುಕೊಳ್ಳಬೇಕು. ತಿಳಿಯದವನು ಗಂಟು ಬಿದ್ದರೆ ಏನಾಗುತ್ತದೆಂಬುದನ್ನು ನಾನು ನಮ್ಮ ಪಡಸಾಲೆಯಲ್ಲೇ ಕಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಓಣಿಯ ಹೆಂಗಸರೆಲ್ಲ ಸೇರಿ ಮಹಿಳಾ ಸಂಘ ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದೆವು. ನಮ್ಮ ಪಡಸಾಲೆ ದೊಡ್ಡದೆಂದು ಒಲೆಗಳೆಲ್ಲ ನಮ್ಮಲ್ಲೇ, ಹಾಗಾಗಿ ಅಧ್ಯಕ್ಷಗಿರಿಯೂ ನನ್ನ ತಲೆಗೇ ಬಂತು. ರೊಟ್ಟಿಯಲ್ಲಿ ಬಹುಪಾಲು ಹರಪನಹಳ್ಳಿಯ ಒಂದು ಖಾನಾವಳಿಗೆ ಹೋಗುತ್ತಿತ್ತು. ಬಟ್ಟೆಯಲ್ಲಿ ಕಟ್ಟಿ, ಬುಟ್ಟಿಯಲ್ಲಿಟ್ಟು ಬೆಳಗಿನ ಬಸ್ಸಿಗೆ ಹಾಕಿದರೆ ಅಲ್ಲಿ ಇಳಿಸಿಕೊಳ್ಳುತ್ತಿದ್ದರು. ಖಾನಾವಳಿಯವನು ಒಳ್ಳೆಯ ಮನುಷ್ಯ, ಆದರೆ ನಾಲಿಗೆ ಖಾರ. "ರೊಟ್ಟಿ ಒಡದು ಬಂತಂದ್ರ ಬುಟ್ಟಿ ಅದೇ ಬಸ್ಸಿಗೆ ವಾಪಸ್ಸು ಬರ್ತದ ನೋಡ್ರಿ" ಎಂದು ಮೊದಲೇ ಹೇಳಿದ್ದ. ಆ ಖಾನಾವಳಿ ಕೈಬಿಟ್ಟರೆ ನಮ್ಮ ಸಂಘಕ್ಕೆ ಒಲೆ ಹಚ್ಚುವ ಕಾರಣವೇ ಇರುತ್ತಿರಲಿಲ್ಲ.

ನಮಗಿದ್ದ ಕಷ್ಟ ಒಂದೇ, ಗಿರಣಿ. ಜೋಳ ಹಸನು ಮಾಡಿ ಹೊತ್ತುಕೊಂಡು ಹೋದರೆ ಅಲ್ಲಿ ಕರೆಂಟ್ ಇರುತ್ತಿರಲಿಲ್ಲ. ಕರೆಂಟ್ ಬರುವವರೆಗೆ ಗಿರಣಿಯ ಕಟ್ಟೆಯ ಮೇಲೆ ಕೂತು ಊರವರ ಮಾತೆಲ್ಲ ಕೇಳಬೇಕು. ನಾನು ಅಲ್ಲೇ ಕೂತು ಪಂಚಾಕ್ಷರಿ ಜಪಿಸುತ್ತಿದ್ದೆ. ಮನೆಯಲ್ಲಿ ಅಷ್ಟು ನಿರಾಳವಾಗಿ ಶಿವನ ಹೆಸರು ಹೇಳಲು ಯಾರು ಬಿಡುತ್ತಾರೆ? ಅದೂ ಒಂದು ಪುಣ್ಯವೆಂದುಕೊಳ್ಳುತ್ತಿದ್ದೆ. ಉಳಿದವರಿಗೆ ಮಾತ್ರ ಸಾಕಾಗಿ ಹೋಗಿತ್ತು.

ಆಗ ಬಂದವನು ಹಗರಿಬೊಮ್ಮನಹಳ್ಳಿಯ ಹಿಟ್ಟಿನ ವ್ಯಾಪಾರಿ. ಸ್ವಂತ ಗಿರಣಿ, ಜೋಳದ ದಲ್ಲಾಳಿ ವ್ಯವಹಾರವೂ ಇತ್ತು. ನಮ್ಮ ಸಂಘದ ಕಾರ್ಯದರ್ಶಿಗೆ ಸಂಬಂಧದಲ್ಲಿ ಮಾವನಾಗಬೇಕು. ಬೀಸಿದ ಜೋಳದ ಹಿಟ್ಟನ್ನೇ ಬಾಗಿಲಿಗೆ ತಂದು ಹಾಕುತ್ತೇನೆ, ತಿಂಗಳಿಗೊಮ್ಮೆ ಚೀಲಗಳು ಬರುತ್ತವೆ, ಆದರೆ ವರ್ಷಪೂರ್ತಿ ನನ್ನ ಹಿಟ್ಟನ್ನೇ ತೆಗೆದುಕೊಳ್ಳಬೇಕು, ಬೇರೆ ಕಡೆ ಕಾಳೂ ಕೊಳ್ಳಬಾರದು. ಇದು ಅವನ ಬೇಡಿಕೆ. ಒಂದು ಚೀಲ ನೋಡುವುದಕ್ಕೆಂದು ಬಿಟ್ಟು ಹೋದ.

ಮೊದಲ ದಿನದ ರೊಟ್ಟಿ ಚಂದ ಬಂತು. ಸುಳ್ಳು ಹೇಳಬಾರದು, ಹಿಟ್ಟು ನುಣ್ಣಗಿತ್ತು, ಮರಳು ಮಣ್ಣು ಏನೂ ಇರಲಿಲ್ಲ. ಹೆಂಗಸರೆಲ್ಲ ಖುಷಿಯಾದರು. ಚೀಲ ಹಾಗೇ ಇಟ್ಟು ಕೆಲವು ದಿನ ಕಳೆದ ಮೇಲೆ ಮತ್ತೆ ನಾದಿದಾಗ ಬಣ್ಣ ಬಯಲಾಯಿತು. ಎಸರು ಎಷ್ಟು ಕುದಿಸಿ ಹಾಕಿದರೂ ಹಿಟ್ಟಿಗೆ ಜಿಗಿ ಇಲ್ಲ. ಬಡಿಯುತ್ತಿದ್ದಂತೆ ಅಂಚು ಬಾಯಿ ಬಿಡುತ್ತಿತ್ತು, ಹಂಚಿಗೆ ಹಾಕುವಾಗ ಎರಡು ಹೋಳು. ನಾಲಿಗೆಗೆ ಸಣ್ಣ ಕಹಿ ಬೇರೆ. ಜೋಳದ ಹಿಟ್ಟಿನ ಗುಣವೇ ಅದು, ಬೀಸಿದ ಮೇಲೆ ಬಹಳ ದಿನ ತಡೆಯುವುದಿಲ್ಲ. ಇಂಥ ಹಿಟ್ಟು ತಿಂಗಳಿಗೊಮ್ಮೆ ಬಂದರೆ ತಿಂಗಳ ಕೊನೆಯ ರೊಟ್ಟಿಯನ್ನು ಹರಪನಹಳ್ಳಿಗೆ ಕಳಿಸುವುದು ಹೇಗೆ?

ಸಭೆ ಸೇರಿ, ಬೇಡವೆಂದು ಎಲ್ಲರೂ ಕೂಡಿಯೇ ಮಾತಾಡಿಕೊಂಡೆವು. ಹೇಳುವ ಕೆಲಸ ಕಾರ್ಯದರ್ಶಿಗೆ ಬಂತು, ಅವಳ ಮಾವನಲ್ಲವೇ. ಅವಳು ಸಂತೆಯಲ್ಲಿ ಸಿಕ್ಕವನಿಗೆ ಹೇಳಿದ್ದು ಇಷ್ಟೇ: "ಆಗ್ಲಿ ಬಿಡ್ರಿ ಮಾವ, ನೋಡೋಣಂತ." ಅವಳ ಲೆಕ್ಕದಲ್ಲಿ ಅದು ಬೇಡವೆಂದ ಹಾಗೆ. ಅವನು ಅದನ್ನೇ ಒಪ್ಪಿಗೆ ಮಾಡಿಕೊಂಡ.

ಸೋಮವಾರ ನಾನು ಲಿಂಗಪೂಜೆ ಮುಗಿಸಿ ಏಳುವುದಕ್ಕೂ ಮನೆ ಮುಂದೆ ಟೆಂಪೋ ನಿಲ್ಲುವುದಕ್ಕೂ ಸರಿಹೋಯಿತು. ಹಮಾಲಿ ಚೀಲಗಳನ್ನು ಕಟ್ಟೆಗೆ ಇಳಿಸತೊಡಗಿದ್ದ.

"ಯಾಕ್ರಿ ಅಣ್ಣಾರ, ಏನಿದು?" ಎಂದೆ.

"ಏನಂದ್ರ? ಹಿಟ್ಟು! ನೀವ ಆಗ್ಲಿ ಅಂದೀರಿ."

"ನಾವು ಅಂದಿಲ್ರಿ."

"ನಿಮ್ಮ ಸೆಕ್ರೆಟ್ರಿ ಅಂದಾಳ. ಸಂತ್ಯಾಗ, ನಾಕ್ ಮಂದಿ ಮುಂದ. ಕರೀರಿ ಅಕಿನ."

ಹೊಸ್ತಿಲ ಮೇಲೆ ನಿಂತು ಯಾರಿಗೂ ಇಲ್ಲ ಅನ್ನಬಾರದೆಂದು ನಮ್ಮ ಅತ್ತೆ ಕಲಿಸಿದ್ದರು. ಅದರಲ್ಲೂ ಸೋಮವಾರ. ಒಳಗೆ ಬರ್ರಿ ಎಂದೆ. ಚಾಪೆ ಹಾಸಿ ನೀರು, ಬೆಲ್ಲ ಇಟ್ಟೆ. ಅವನು ಅದಕ್ಕೆ ಕೈ ಹಚ್ಚಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿಯೂ ಸಂಘದ ಉಳಿದವರೂ ಬಂದು ಸೇರಿದರು.

ಕಾರ್ಯದರ್ಶಿ ಬರುತ್ತಲೇ ನನ್ನ ಮೇಲೆ ಹರಿಹಾಯ್ದಳು. "ನಾನು ಹಂಗಂದೀನಿ ಅಂದ್ರ ಅದು ಬ್ಯಾಡ ಅಂದಂಗ ಅಲ್ಲೇನು? ಇಷ್ಟು ವರ್ಷ ಕನ್ನಡ ಮಾತಾಡೋರಿಗೆ ಗೊತ್ತಾಗಲ್ಲೇನು?"

"ನನಗ ಗೊತ್ತಾಗಲಿಲ್ಲವ್ವ" ಎಂದ ವ್ಯಾಪಾರಿ. "ನಾನು ದಡ್ಡ. ಟೆಂಪೋ ಬಾಡಿಗಿ ಕೊಟ್ಟು ಬಂದ ದಡ್ಡ."

ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಚೀಲ ಇಳಿಸಿಬಿಟ್ಟರೆ ಹೆಂಗಸರು ನಾಚಿಕೆಗೆ ತೆಗೆದುಕೊಳ್ಳುತ್ತಾರೆಂದು ಎಣಿಸಿ ಬಂದಿದ್ದ. ನನಗೂ ನಾಚಿಕೆಯಾಯಿತು. ಅದಕ್ಕೇ ಮೆತ್ತಗೆ ಶುರುಮಾಡಿದೆ.

"ಸದ್ಯಕ್ಕ ಬ್ಯಾಡ್ರಿ ಅಣ್ಣಾರ."

"ಸದ್ಯಕ್ಕ ಅಂದ್ರ? ಮುಂದಿನ ವಾರ ತರ್ಲ್ಯಾ?"

"ಹಂಗಲ್ರಿ, ನಮ್ಗ ಸ್ವಲ್ಪ ಅನಾನುಕೂಲ ಐತಿ."

"ಅನುಕೂಲ ಯಾವಾಗ? ಹೇಳ್ರಿ, ಅವತ್ತ ಬರ್ತೀನಿ. ಅಲ್ಲಿತನಕ ಚೀಲ ಇಲ್ಲೇ ಇರ್ಲಿ."

ನಾನು ಮೆತ್ತಗೆ ಆಡಿದ ಒಂದೊಂದು ಮಾತಿನಲ್ಲೂ ಅವನು ಒಂದೊಂದು ಚೀಲ ತುರುಕುತ್ತಿದ್ದ. ಗೋಡೆಯ ಮೇಲಿನ ಶಿವನ ಪಟ ನೋಡಿದೆ. ಅಲ್ಲಿ ಹಚ್ಚಿದ್ದ ವಿಭೂತಿ ಇನ್ನೂ ಹಸಿಯಾಗಿತ್ತು. ಒಳ್ಳೆಯವಳೆನಿಸಿಕೊಳ್ಳುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

"ಕೇಳ್ರಿ. ನಿಮ್ಮ ಹಿಟ್ಟು ನಮ್ಗ ಬ್ಯಾಡ. ಈ ವಾರನೂ ಬ್ಯಾಡ, ಮುಂದಿನ ವಾರನೂ ಬ್ಯಾಡ. ಚೀಲ ಇಲ್ಲಿ ಇರೋದೂ ಬ್ಯಾಡ, ಟೆಂಪೋ ಹೋಗೋದ್ರಾಗ ಏರಿಸ್ಕೊಳ್ರಿ."

ಅವನ ಮುಖ ಕೆಂಪಗಾಯಿತು.

"ನನ್ನ ಹಿಟ್ಟಿನಾಗ ಏನು ಹುಳ ಬಿದ್ದಾವ?"

"ಹುಳ ಇಲ್ರಿ. ಬೀಸಿದ ದಿನ ಚಲೋ ಐತಿ. ದಿನ ಕಳದ್ರ ಜಿಗಿ ಹೋಗ್ತೈತಿ, ರೊಟ್ಟಿ ಒಡೀತೈತಿ. ನೀವು ತಿಂಗಳಿಗೊಮ್ಮಿ ತರ್ತೀರಿ. ಒಡದ ರೊಟ್ಟಿ ಖಾನಾವಳಿಯೋರು ತಗಳಂಗಿಲ್ಲ."

"ಬಡಿಯೋ ಕೈಯಾಗ ಜಿಗಿ ಇರಬೇಕು. ಕುಣಿಯೋಕ ಬರದೋಳು ಅಂಗಳ ಡೊಂಕು ಅಂದ್ಲಂತ!"

ಹೆಂಗಸರು ರೇಗಿಬಿಟ್ಟರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಕುರಿ ಕಾಯುವ ಮನೆತನದವಳು, ಎದ್ದು ನಿಂತಳು. "ಬಾರಪ್ಪ, ಹಿಟ್ಟು ನಾದಿಕೊಡ್ತೀನಿ, ನಿನ್ನ ಕೈಯಾಗ ಬಡಿ. ಹರಿದಿದ್ದೆಲ್ಲ ನಿನ್ನ ಉಡ್ಯಾಗ ಹಾಕಿ ಕಳಿಸ್ತೀನಿ." ನಕ್ಕವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಹೇಳುವುದು ಇನ್ನೂ ಉಳಿದಿತ್ತು.

"ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ಬೀಸಿ ತರ್ತೀರೇನು?" ಎಂದು ಕೇಳಿದೆ.

"ನಾನೇನು ಹಾಲು ಹಾಕೋನಾ, ದಿನಾ ಬಾಗಿಲಿಗೆ ಬರಾಕ?"

"ಹಂಗಾರ ಹಿಟ್ಟಿನ ಮಾತು ಮುಗೀತು. ಜೋಳದ ಮಾತು ಬ್ಯಾರೆ. ನಿಮ್ಮ ಜೋಳ ಹಸನು ಐತಿ, ಅದು ಹಿಟ್ಟು ನೋಡಿದಾಗಲೇ ತಿಳೀತು. ಶಿವರಾತ್ರಿ ಆದಮ್ಯಾಲ ಹೊಸ ಬಿಳಿಜೋಳ ಬಂದಾಗ ನಮೂನಿ ತೋರಿಸ್ರಿ. ಬೀಸಿ, ಬಡದು ನೋಡ್ತೀವಿ. ಚಲೋ ಬಂದ್ರ ತಗೋತೀವಿ, ಇಲ್ಲಾಂದ್ರ ಅವತ್ತೂ ಹಿಂಗ ಮುಖದ ಮ್ಯಾಲ ಹೇಳ್ತೀವಿ. ನಿಮ್ಮಲ್ಲೇ ತಗೋತೀವಿ ಅಂತ ಮಾತ್ರ ಮಾತು ಕೊಡಂಗಿಲ್ಲ."

"ಹೊಡದು ಬೆಲ್ಲ ಕೊಟ್ಟಂಗಾತು" ಎಂದು ಎದ್ದ. ನೀರು ಹಾಗೇ ಇತ್ತು. ಬಾಗಿಲಲ್ಲಿ ತಿರುಗಿ, "ಹಗರಿಬೊಮ್ಮನಹಳ್ಳಿಯಿಂದ ಹಡಗಲಿತನಕ ನನ್ನ ಮಾತು ನಡೀತೈತಿ. ನಿಮ್ಮ ರೊಟ್ಟಿ ಯಾರು ತಗೋತಾರ ನೋಡ್ತೀನಿ" ಎಂದ. ಹಮಾಲಿಯನ್ನು ಬೈಯುತ್ತ ಚೀಲಗಳನ್ನು ಏರಿಸಿಕೊಂಡು ಹೋದ. ಕಟ್ಟೆಯ ಮೇಲೆ ಚೆಲ್ಲಿದ್ದ ಹಿಟ್ಟನ್ನು ಗುಬ್ಬಿಗಳು ತಿಂದವು. ಅನ್ನ ದಂಡವಾಗಲಿಲ್ಲ.

ಮಾವನ ಮರ್ಯಾದೆ ತೆಗೆದೆನೆಂದು ಕಾರ್ಯದರ್ಶಿ ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಳು. ಒಲೆ ಮುಂದೆ ಪಕ್ಕದಲ್ಲೇ ಕೂತು, ನನಗೆ ಹೇಳಬೇಕಾದದ್ದನ್ನು ಹಿರಿಯಳಿಗೆ ಹೇಳುತ್ತಿದ್ದಳು. "ಅಧ್ಯಕ್ಷರಿಗೆ ಉಪ್ಪು ಕೇಳು" ಎನ್ನುವಳು. ಉಪ್ಪಿನ ಡಬ್ಬಿ ನಮ್ಮಿಬ್ಬರ ನಡುವೆಯೇ ಇರುತ್ತಿತ್ತು. ನಮ್ಮ ಮನೆಯವರೂ ಬಿಡಲಿಲ್ಲ. "ಅಷ್ಟು ಬಿರುಸು ಯಾಕ ಬೇಕಿತ್ತು? ಗಂಡಸರ ವ್ಯವಹಾರ ನಿಮ್ಗ ತಿಳಿಯಂಗಿಲ್ಲ" ಎಂದರು. ತಿಳಿದ ಗಂಡಸೊಬ್ಬ ಬಂದು ಹೋದದ್ದನ್ನು ಈಗಷ್ಟೇ ನೋಡಿದೆನೆಂದೆ. ಆ ರಾತ್ರಿ ಅವರು ನಾನು ಬಡಿಸಿದ್ದನ್ನು ಮುಖ ಊದಿಸಿಕೊಂಡೇ ಉಂಡರು. ಉಂಡರಲ್ಲ, ಅದೇ ಸಾಕು.

ನಾನು ಹೆದರಿದ್ದು ನಿಜ. ಬುಟ್ಟಿ ಬಸ್ಸಿಗೆ ಹಾಕಿದ ದಿನವೆಲ್ಲ, ಸಂಜೆ ಅದು ತುಂಬಿಯೇ ವಾಪಸ್ಸು ಬರುತ್ತದೇನೋ ಎಂದು ಬಸ್‌ ನಿಲ್ದಾಣದ ಕಡೆ ಕಿವಿ ಇಟ್ಟಿರುತ್ತಿದ್ದೆ. ಬರಲಿಲ್ಲ. ಅವನ ಮಾತು ಹಡಗಲಿತನಕ ನಡೆಯಿತೋ ಏನೋ, ಹರಪನಹಳ್ಳಿಗೆ ಮುಟ್ಟಲಿಲ್ಲ. ನಾವು ಮತ್ತೆ ಗಿರಣಿಯ ಕಟ್ಟೆಗೆ ಹೋದೆವು, ಕರೆಂಟಿಗೆ ಶಾಪ ಹಾಕಿದೆವು, ಹೊಸದಾಗಿ ಬೀಸಿದ ಹಿಟ್ಟನ್ನೇ ತಂದು ಬಡಿದೆವು.

ಶಿವರಾತ್ರಿ ಕಳೆದು ಬಿಸಿಲು ಚುರುಕಾದಾಗ ಒಂದು ದಿನ ಮನೆ ಮುಂದೆ ಮೋಟಾರ್ ಸೈಕಲ್ ನಿಂತಿತು. ಅವನೇ. ಕೆಳಗಿಳಿಯಲಿಲ್ಲ. ನಾನು ಎದುರಿಗೇ ನಿಂತಿದ್ದರೂ ಒಳಗಿದ್ದ ಕಾರ್ಯದರ್ಶಿಯನ್ನು ಕೂಗಿದ.

"ಏನವ್ವ, ನಿಮ್ಮ ಅಧ್ಯಕ್ಷರಿಗೆ ಹೇಳು. ಜೋಳ ಬಂದಾವ. ಹಿಟ್ಟಲ್ಲ ಮತ್ತ, ಹೆದರಬ್ಯಾಡ ಅನ್ನು." ಕರವಸ್ತ್ರದಲ್ಲಿ ಕಟ್ಟಿದ ಕಾಳನ್ನು ಕಟ್ಟೆಯ ಮೇಲೆ ಎಸೆದಂತೆಯೇ ಇಟ್ಟ.

ಒಂದು ಕಾಳು ಹಲ್ಲಿಗೆ ಹಾಕಿ ನೋಡಿದೆ. ಕಟ್ಟಂದಿತು, ಒಳಗೆ ಬೆಳ್ಳಗಿತ್ತು. "ಒಂದು ಚೀಲ ಕಳಸ್ರಿ. ಬಡದು ನೋಡಿ ಉಳಿದದ್ದು ಹೇಳ್ತೀವಿ" ಎಂದೆ.

"ಒಂದು ಚೀಲಕ್ಕ ನಾನು ಅಷ್ಟು ದೂರದಿಂದ ಬರಬೇಕೇನು?"

"ಬರಬ್ಯಾಡ್ರಿ. ಬಸ್ಸಿಗೆ ಹಾಕ್ರಿ."

"ಕೇಳಿದ್ಯಾ?" ಎಂದ ಕಾರ್ಯದರ್ಶಿಗೆ. "ನೀನೂ ಇಂಥಾಕಿ ಜೋಡಿ ಹೆಂಗ ಇರ್ತೀಯೋ!"

"ನಾನೂ ಮಾತಾಡಂಗಿಲ್ಲ ಮಾವ" ಎಂದಳು ಅವಳು, ಒಲೆಯ ಹೊಗೆಯೊಳಗಿಂದಲೇ.

ಚೀಲ ಬಸ್ಸಿಗೇ ಬಂತು. ರೊಟ್ಟಿ ಹಂಚಿನ ಮೇಲೆ ಉಬ್ಬಿತು, ಅಂಚು ಬಾಯಿ ಬಿಡಲಿಲ್ಲ. ಮುಂದಿನ ಚೀಲಗಳನ್ನೂ ಅವನಲ್ಲೇ ತೆಗೆದುಕೊಂಡೆವು. ಒಂದು ಸಲ ಕಾಳಿನಲ್ಲಿ ನುಸಿ ಬಂದಾಗ ಬೇಡವೆಂದು ವಾಪಸ್ಸು ಕಳಿಸಿದೆವು. ಬೈದ, ಬೇರೆ ಕಳಿಸಿದ. ಅವನು ನನ್ನ ಮುಖ ನೋಡಿ ಒಂದು ದಿನವೂ ಮಾತಾಡಿದ್ದಿಲ್ಲ, ನಮ್ಮ ಮನೆಯ ನೀರೂ ಕುಡಿದಿದ್ದಿಲ್ಲ. ನನಗೇನು, ಅವನ ಜೋಳದ ರೊಟ್ಟಿ ಹರಪನಹಳ್ಳಿಯತನಕ ಒಡೆಯದೆ ಹೋಗುತ್ತಿತ್ತು.